ಖಾಲಿ ಬಿಟ್ಟ ಚೌಕ ಮತ್ತು ಒಂದು ಮನವಿಪತ್ರ

ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರದೊಳಗಾಗಿ ಕಾಲೇಜಿನ ಕಚೇರಿಗೆ ಬಂದು ಸೇರುವ ಮನವಿಪತ್ರಗಳನ್ನು ಒಂದೆಡೆ ಹರಡಿಕೊಂಡು ಓದುವ ಪ್ರಸಂಗ ಯಾರಿಗಾದರೂ ಒದಗಿದ್ದರೆ, ಅವೆಲ್ಲ ಒಂದೇ ಲೇಖನಿಯಿಂದ ಹೊರಟವೇನೋ ಎಂಬ ಅನುಮಾನ ಅವರಿಗೆ ಬರದೆ ಇರಲಾರದು. ಹಗಲಿರುಳೆನ್ನದೆ ಓದಿದುದು, ಪ್ರಶ್ನೆಗಳೆಲ್ಲವಕ್ಕೂ ಸಮರ್ಪಕವಾಗಿ ಉತ್ತರಿಸಿದುದು, ಹಿಂದಿನ ಸೆಮಿಸ್ಟರುಗಳಲ್ಲೆಲ್ಲ ಪ್ರಥಮ ದರ್ಜೆ ದೊರೆತುದು, ತಂದೆಯವರು ಸಾಲ ಮಾಡಿ ಶುಲ್ಕ ಕಟ್ಟಿದುದು, ಮೌಲ್ಯಮಾಪಕರ ಅಲಕ್ಷ್ಯದಿಂದ ಭವಿಷ್ಯವೇ ಕತ್ತಲಾದುದು, ಆದಕಾರಣ ದಯಮಾಡಿ ನ್ಯಾಯ ದೊರಕಿಸಿಕೊಡಬೇಕೆಂಬ ಪ್ರಾರ್ಥನೆ: ಇಷ್ಟೇ ಸಾಮಗ್ರಿ, ಇದೇ ಅನುಕ್ರಮ. ಇವುಗಳಲ್ಲಿ ಒಂದು ಮಾತೂ ಸುಳ್ಳಾಗಿರಬೇಕಾದುದಿಲ್ಲ. ಸಾಲ ಮಾಡಿದ ತಂದೆ ನಿಜವಾಗಿಯೂ ಇರುತ್ತಾರೆ, ನಿದ್ರೆಗೆಟ್ಟು ಓದಿದ ಮಗಳೂ ನಿಜವಾಗಿಯೇ ಇರುತ್ತಾಳೆ. ಆದರೆ ಪತ್ರವನ್ನು ಕೈಯಲ್ಲಿ ಹಿಡಿದು ಕುಳಿತ ಸಮಿತಿಯವರು ಆ ಮಾತುಗಳನ್ನು ಓದಿ ಮುಗಿಸಿದ ಬಳಿಕ ಯಾವ ಕಟ್ಟನ್ನು ಬಿಚ್ಚಬೇಕು, ಯಾವ ಉತ್ತರಪತ್ರಿಕೆಯ ಯಾವ ಪುಟವನ್ನು ತೆರೆಯಬೇಕು, ತೆರೆದು ಏನನ್ನು ನೋಡಬೇಕು ಎಂಬ ಒಂದು ಸಂಗತಿ ಮಾತ್ರ ಅಲ್ಲಿ ಎಲ್ಲಿಯೂ ಇರುವುದಿಲ್ಲ. ಇಂಥ ಪತ್ರಕ್ಕೆ ಬರುವ ಉತ್ತರವೂ ಅದೇ ರೀತಿ ಒಂದೇ ಅಚ್ಚಿನದು: ‘ನಿಯಮಾನುಸಾರ ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸುವುದು.’

ನಾನು ಭೌತಶಾಸ್ತ್ರದ ಅಧ್ಯಾಪಕನಾಗಿ ಬಹುಕಾಲ ಕೆಂಪು ಶಾಯಿಯ ಲೇಖನಿಯನ್ನು ಹಿಡಿದವನು, ಅನಂತರ ಕೆಲಕಾಲ ಇಂಥ ಪತ್ರಗಳನ್ನು ಓದುವ ಸಮಿತಿಯಲ್ಲಿ ಕುಳಿತವನು. ನಿವೃತ್ತಿಯ ಮೇಲೆ ಒಮ್ಮೆ ಮೇಜಿನ ಈಚೆಯ ಬದಿಯಲ್ಲಿ ಕುಳಿತು ಅಂಥದೊಂದು ಪತ್ರವನ್ನು ಬರೆಯಲು ನೆರವಾಗುವ ಸಂದರ್ಭ ಒದಗಿತು. ಅದರ ವಿವರವನ್ನು ಇಲ್ಲಿ ಕೊಡುತ್ತೇನೆ. ಪರಿಚಿತರೊಬ್ಬರ ಮಗಳು, ಸ್ವಾಯತ್ತ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಿದ್ದವಳು, ದೃಗ್ವಿಜ್ಞಾನದ ಪತ್ರಿಕೆಯಲ್ಲಿ 60ಕ್ಕೆ 18 ಅಂಕ ಬಂದು ಅನುತ್ತೀರ್ಣಳಾಗಿದ್ದಳು. ತೇರ್ಗಡೆಗೆ 21 ಬೇಕಾಗಿದ್ದಿತು. ತಾನೇ ಬರೆದುಕೊಂಡು ಬಂದಿದ್ದ ಎರಡು ಪುಟದ ಮನವಿಯನ್ನು ನನ್ನ ಮುಂದಿಟ್ಟು, “ಸಾರ್, ಭಾಷೆ ಒಂದು ಸ್ವಲ್ಪ ತಿದ್ದಿಕೊಡಿ” ಎಂದಳು. ಭಾಷೆಯಲ್ಲಿ ತಿದ್ದತಕ್ಕದ್ದು ಏನೂ ಇರಲಿಲ್ಲ. “ಉತ್ತರಪತ್ರಿಕೆ ನೋಡಿದೆಯೇನಮ್ಮಾ?” ಎಂದು ಕೇಳಿದೆ. “ಇಲ್ಲ ಸಾರ್, ಆದರೆ ಚೆನ್ನಾಗಿ ಬರೆದಿದ್ದೆ” ಎಂದಳು.

ಉತ್ತರಪತ್ರಿಕೆಯನ್ನು ನೋಡದೆ ಬರೆದ ಮನವಿ, ರೋಗಿಯನ್ನು ನೋಡದೆ ಬರೆದ ಔಷಧದ ಚೀಟಿಯಂತೆ. ಆದುದರಿಂದ ಮೊದಲು ಮಾಡಬೇಕಾದ ಕೆಲಸ, ನಿಗದಿಯಾದ ಶುಲ್ಕ ಕಟ್ಟಿ ಛಾಯಾಪ್ರತಿಯನ್ನು ಪಡೆಯುವುದು. ಇದಕ್ಕೆ ಅವಕಾಶ ಬಹಳ ಹಳೆಯದೇನೂ ಅಲ್ಲ. ಪರೀಕ್ಷಾ ಮಂಡಲಿಗಳು ಉತ್ತರಪತ್ರಿಕೆಯನ್ನು ಪರಮಗೋಪ್ಯವೆಂದು ಭಾವಿಸಿದ್ದ ಕಾಲವೊಂದಿತ್ತು. ಮಹಾರಾಷ್ಟ್ರದ ಪರೀಕ್ಷಾ ಮಂಡಲಿಯ ಮೊಕದ್ದಮೆಯೊಂದರಲ್ಲಿ 1984ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಉತ್ತರಪತ್ರಿಕೆಯನ್ನು ತೋರಿಸುವುದಿಲ್ಲ, ಮರುಮೌಲ್ಯಮಾಪನ ಮಾಡುವುದಿಲ್ಲ ಎಂಬ ನಿಯಮವನ್ನೇ ಎತ್ತಿಹಿಡಿದಿತ್ತು. ಮಾಹಿತಿ ಹಕ್ಕಿನ ಕಾಯಿದೆ 2005ರಲ್ಲಿ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. 2011ರ ಆಗಸ್ಟಿನಲ್ಲಿ, ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಮೊದಲು ನ್ಯಾಯಾಧೀಶರಾಗಿದ್ದ ಆರ್. ವಿ. ರವೀಂದ್ರನ್ ಅವರಿದ್ದ ಪೀಠವು, ಸಿ.ಬಿ.ಎಸ್.ಇ. ಮಂಡಲಿಯ ವಿರುದ್ಧ ಆದಿತ್ಯ ಬಂದೋಪಾಧ್ಯಾಯ ಎಂಬ ವಿದ್ಯಾರ್ಥಿಯ ಮೊಕದ್ದಮೆಯಲ್ಲಿ, ಮೌಲ್ಯಮಾಪನವಾದ ಉತ್ತರಪತ್ರಿಕೆ ಕಾಯಿದೆಯ ಅರ್ಥದಲ್ಲಿ ಮಾಹಿತಿಯೇ ಆಗಿರುವುದರಿಂದ ಅದನ್ನು ಬರೆದವನಿಗೆ ಅದರ ಪ್ರತಿಯನ್ನು ಕೊಡತಕ್ಕದ್ದೆಂದು ತೀರ್ಮಾನಿಸಿತು. ತೀರ್ಪಿನೊಳಗೆ ಎರಡು ಕಟ್ಟುಪಾಡುಗಳುಂಟು, ಇವೆರಡೂ ಮನವಿ ಬರೆಯುವವರಿಗೆ ತಿಳಿದಿರಬೇಕಾದುವು. ಮೌಲ್ಯಮಾಪಕರ ಹೆಸರು, ಸಹಿ ಮುಂತಾದುವನ್ನು ಮರೆಮಾಡಿಯೇ ಪ್ರತಿಯನ್ನು ಕೊಡತಕ್ಕದ್ದೆಂಬುದು ಒಂದು. ಸಂಸ್ಥೆಯು ತನ್ನ ನಿಯಮದ ಪ್ರಕಾರ ಉತ್ತರಪತ್ರಿಕೆಗಳನ್ನು ಎಷ್ಟು ಕಾಲ ಕಾದಿಡುವುದೋ ಅಷ್ಟು ಕಾಲದೊಳಗೆ ಮಾತ್ರ ಈ ಹಕ್ಕು ಸಲ್ಲುವುದೆಂಬುದು ಇನ್ನೊಂದು. ಆ ಮಂಡಲಿಯಲ್ಲಿ ಅಂದು ಅದು ಮೂರೇ ತಿಂಗಳಾಗಿದ್ದಿತು. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಡಲು ಕಚೇರಿಗೆ 30 ದಿನಗಳ ಅವಕಾಶವಿದೆ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಗಡುವು ಅದಕ್ಕಿಂತ ಎಷ್ಟೋ ಮುಂಚೆ ಮುಗಿದುಹೋಗಿರುತ್ತದೆ. ಆದ್ದರಿಂದ ಕಾಲೇಜೋ ವಿಶ್ವವಿದ್ಯಾನಿಲಯವೋ ತಾನಾಗಿಯೇ ಛಾಯಾಪ್ರತಿ ಕೊಡುವ ಏರ್ಪಾಡು ಮಾಡಿರುವಲ್ಲಿ ಆ ದಾರಿಯನ್ನೇ ಹಿಡಿಯುವುದು ಜಾಣತನ. ಹುಡುಗಿ ಹಾಗೆಯೇ ಮಾಡಿದಳು.

ಪ್ರತಿ ಬಂದ ದಿನ ನಾವಿಬ್ಬರೂ ಅದನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆವು. ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ಓದುವುದಕ್ಕೂ ಒಂದು ಕ್ರಮವಿದೆ. ವಿದ್ಯಾರ್ಥಿಗಳು ಸಾಮಾನ್ಯವಾಗಿ ತಮ್ಮ ಉತ್ತರಗಳನ್ನು ಮತ್ತೆ ಓದಿಕೊಂಡು, ಎಷ್ಟು ಚೆನ್ನಾಗಿ ಬರೆದಿದ್ದೇನಲ್ಲಾ ಎಂದು ಮರುಗುತ್ತಾರೆ; ಅನುಭವಿಯಾದವನು ಉತ್ತರವನ್ನು ಓದುವುದಕ್ಕೆ ಮೊದಲು ಕೆಂಪು ಶಾಯಿಯನ್ನು ಓದುತ್ತಾನೆ. ಮುಖಪುಟದಲ್ಲಿ ಪ್ರಶ್ನೆಯ ಸಂಖ್ಯೆ ಮತ್ತು ಉಪಪ್ರಶ್ನೆಗಳಿಗೆ ಅನುಗುಣವಾಗಿ ಚೌಕಗಳ ಕೋಷ್ಟಕವೊಂದು ಇರುತ್ತದೆ. ಒಳಗಿನ ಪುಟಗಳಲ್ಲಿ ಕೊಟ್ಟ ಅಂಕವನ್ನು ಮೌಲ್ಯಮಾಪಕನು ಅಲ್ಲಿಗೆ ತಂದು ಬರೆಯಬೇಕು. ಆ ಚೌಕಗಳಲ್ಲಿ ಸೊನ್ನೆ ಇರುವುದೇ ಬೇರೆ, ಏನೂ ಇಲ್ಲದಿರುವುದೇ ಬೇರೆ. ಸೊನ್ನೆಯಿದ್ದರೆ ಮೌಲ್ಯಮಾಪಕನು ಉತ್ತರವನ್ನು ನೋಡಿ ಅದರಲ್ಲಿ ತಿರುಳಿಲ್ಲವೆಂದು ತೀರ್ಮಾನಿಸಿದನೆಂದು ಅರ್ಥ; ಚೌಕ ಖಾಲಿಯಿದ್ದರೆ ವಿದ್ಯಾರ್ಥಿ ಉತ್ತರ ಬರೆದಿಲ್ಲವೆಂದೋ, ಬರೆದುದನ್ನು ಯಾರೂ ನೋಡಿಲ್ಲವೆಂದೋ ಅರ್ಥ. ಈಕೆಯ ಕೋಷ್ಟಕದಲ್ಲಿ ಒಂಬತ್ತನೆಯ ಪ್ರಶ್ನೆಯ ‘ಎ’ ಭಾಗಕ್ಕೆ ಅಂಕವಿದ್ದಿತು, ‘ಬಿ’ ಭಾಗದ ಚೌಕ ಖಾಲಿಯಿದ್ದಿತು.

“ಬಿ ಬರೆಯಲಿಲ್ಲವೇನು?”

“ಬರೆದಿದೀನಿ ಸಾರ್. ಲೆಕ್ಕ ಅದು. ಮೊದಲು ಬಂದಿರಲಿಲ್ಲ, ಕೊನೆಗೆ ಜ್ಞಾಪಕ ಬಂತು, ಹಿಂದೆ ಬರೆದೆ.”

ಹುಡುಕಿದೆವು. 22ನೆಯ ಪುಟದ ತಳದಲ್ಲಿ, ಮುಂದಿನ ಪ್ರಶ್ನೆಯ ಉತ್ತರಕ್ಕೆ ಒತ್ತಿಕೊಂಡಂತೆ, ಇರುವೆಯ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ‘ಬಿ ಭಾಗ 31ನೇ ಪುಟದಲ್ಲಿದೆ’ ಎಂದು ಬರೆದಿದ್ದಳು. 31ನೆಯ ಪುಟವನ್ನು ತೆರೆದರೆ ಅಲ್ಲಿ ಪೂರ್ತಿಯಾದ ಲೆಕ್ಕ: ಸೋಡಿಯಂ ಬೆಳಕಿನ 5890 ಮತ್ತು 5896 ಆಂಗ್‌ಸ್ಟ್ರಮ್ ಅಲೆಯುದ್ದದ ಎರಡು ರೇಖೆಗಳನ್ನು ಮೊದಲ ಕ್ರಮಾಂಕದಲ್ಲಿ ಬೇರೆಬೇರೆಯಾಗಿ ತೋರಿಸಬೇಕಾದರೆ ವಿವರ್ತನ ಗ್ರೇಟಿಂಗಿನಲ್ಲಿ ಕನಿಷ್ಠ ಎಷ್ಟು ಗೀರುಗಳಿರಬೇಕೆಂಬುದು. ಸರಾಸರಿ ಅಲೆಯುದ್ದವಾದ 5893ನ್ನು ಅಂತರವಾದ 6ರಿಂದ ಭಾಗಿಸಿ, ಸುಮಾರು 982 ಎಂದು ಸರಿಯಾಗಿಯೇ ಉತ್ತರ ತೆಗೆದಿದ್ದಳು. ಆ ಪುಟದ ಮೇಲೆ ಕೆಂಪು ಶಾಯಿಯ ಒಂದು ಚುಕ್ಕೆಯೂ ಇರಲಿಲ್ಲ. ಸರಿ ಗುರುತಿಲ್ಲ, ತಪ್ಪು ಗುರುತಿಲ್ಲ, ಅಡ್ಡಗೆರೆಯಿಲ್ಲ. 30ನೆಯ ಪುಟ ಖಾಲಿಯಾಗಿದ್ದುದರಿಂದ ಮೌಲ್ಯಮಾಪಕನು ಉತ್ತರಗಳು ಅಲ್ಲಿಗೆ ಮುಗಿದುವೆಂದು ಭಾವಿಸಿ ಪತ್ರಿಕೆಯನ್ನು ಮುಚ್ಚಿದನೆಂಬುದು ನನಗೆ ಹಗಲಿನಷ್ಟು ನಿಚ್ಚಳವಾಯಿತು. ಕಟ್ಟಿನ ಮೇಲೆ ಕಟ್ಟು ಕಾದಿರುವ ಮಧ್ಯಾಹ್ನದ ಹೊತ್ತಿನಲ್ಲಿ ಹೀಗಾಗುವುದನ್ನು ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತವರೆಲ್ಲರೂ ಬಲ್ಲರು. ಮರುಎಣಿಕೆಗೆ ಹಾಕಿದ್ದರೆ ಈ ದೋಷ ಹೊರಬೀಳುತ್ತಿತ್ತೆಂದು ಹೇಳಲಾಗದು. ಮರುಎಣಿಕೆಯವರು ಕೆಲವೆಡೆ ಬಿಟ್ಟುಹೋದ ಉತ್ತರಗಳನ್ನೂ ಹುಡುಕುತ್ತಾರೆ, ಹಲವೆಡೆ ಇರುವ ಅಂಕಗಳನ್ನು ಕೂಡಿ ನೋಡುವುದಷ್ಟೆ. ಇಲ್ಲಿ ಇರುವ ಅಂಕಗಳ ಮೊತ್ತ ಸರಿಯಾಗಿಯೇ 18 ಆಗಿದ್ದಿತು.

ಎರಡನೆಯ ದೋಷ ಬೇರೊಂದು ಜಾತಿಯದು. ಐದು ಅಂಕದ ಪ್ರಶ್ನೆಯೊಂದಕ್ಕೆ ಒಂದು ಅಂಕ ದೊರೆತಿದ್ದಿತು. 20 ಸೆಂಟಿಮೀಟರ್ ಸಂಗಮದೂರದ ಪೀನಮಸೂರದಿಂದ 30 ಸೆಂಟಿಮೀಟರ್ ದೂರದಲ್ಲಿ 2 ಸೆಂಟಿಮೀಟರ್ ಎತ್ತರದ ವಸ್ತುವಿದ್ದರೆ ಪ್ರತಿಬಿಂಬದ ಸ್ಥಾನ, ಸ್ವಭಾವ, ಗಾತ್ರಗಳನ್ನು ಕಂಡುಹಿಡಿಯಬೇಕು. ಎಲ್ಲರೂ ಮಸೂರದ ಸಾಧಾರಣ ಸೂತ್ರವನ್ನು ಹಿಡಿದು, ಚಿಹ್ನೆಗಳ ಲೆಕ್ಕಾಚಾರದಲ್ಲಿ ಒಂದಿಷ್ಟು ತಿಣುಕಿ, 60 ಸೆಂಟಿಮೀಟರ್ ಎಂದು ಉತ್ತರ ತೆಗೆಯುತ್ತಾರೆ. ಈ ಹುಡುಗಿ ದೂರಗಳನ್ನು ಮಸೂರದಿಂದ ಅಳೆಯದೆ ಸಂಗಮಬಿಂದುಗಳಿಂದ ಅಳೆಯುವ ನ್ಯೂಟನ್ನನ ಸೂತ್ರವನ್ನು ಹಿಡಿದಿದ್ದಳು:

x₁x₂ = f²

ವಸ್ತು ಸಂಗಮದಿಂದ 10 ಸೆಂಟಿಮೀಟರ್ ಆಚೆಗಿದೆ. 20ರ ವರ್ಗ 400. ಅದನ್ನು 10ರಿಂದ ಭಾಗಿಸಿದರೆ ಪ್ರತಿಬಿಂಬವು ಇನ್ನೊಂದು ಸಂಗಮದಿಂದ 40 ಸೆಂಟಿಮೀಟರ್ ದೂರದಲ್ಲಿದೆ. ಮಸೂರದಿಂದ 20 ಕೂಡಿಸಿ 60. ವರ್ಧನ 20 ಭಾಗ 10, ಅಂದರೆ 2. ಗಾತ್ರ 4 ಸೆಂಟಿಮೀಟರ್. ಪ್ರತಿಬಿಂಬ ಸತ್ಯವಾದುದೆಂದೂ ಬರೆದಿದ್ದಳು. ಅದು ತಲೆಕೆಳಗಾಗಿರುತ್ತದೆಂದು ಬರೆಯುವುದನ್ನು ಮಾತ್ರ ಮರೆತಿದ್ದಳು. ಸೂತ್ರದ ಸುತ್ತ ಮೌಲ್ಯಮಾಪಕನ ಕೆಂಪು ವೃತ್ತ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೊನೆಯಲ್ಲಿ ಒಂದು ಅಂಕ. ಅವನ ಕೈಯಲ್ಲಿದ್ದ ಸ್ಕೀಮಿನಲ್ಲಿ, ಅಂದರೆ ಯಾವ ಹಂತಕ್ಕೆ ಎಷ್ಟು ಅಂಕವೆಂದು ಪರೀಕ್ಷಕ ಮಂಡಲಿಯವರು ಮುಂಚಿತವಾಗಿ ಗೊತ್ತುಮಾಡಿಕೊಟ್ಟ ಪಟ್ಟಿಯಲ್ಲಿ, ಸಾಧಾರಣ ಸೂತ್ರಕ್ಕೆ ಒಂದು, ಬೆಲೆಗಳನ್ನು ಹಾಕಿದುದಕ್ಕೆ ಒಂದು, 60 ಬಂದುದಕ್ಕೆ ಒಂದು, ವರ್ಧನಕ್ಕೆ ಒಂದು, ಸ್ವಭಾವ ಮತ್ತು ಗಾತ್ರಕ್ಕೆ ಒಂದು ಎಂದಿದ್ದಿತು. ಬರೆದ ಸೂತ್ರ ಪಟ್ಟಿಯ ಸೂತ್ರವಲ್ಲ. ಉಳಿದ ಹಂತಗಳೂ ಪಟ್ಟಿಯ ಹಂತಗಳಂತೆ ಕಾಣಲಿಲ್ಲ. ಆದರೆ ಅದೇ ಸ್ಕೀಮಿನ ಮೊದಲ ಪುಟದ ಸೂಚನೆಗಳಲ್ಲಿ, ಬೇರೆ ಯಾವುದೇ ಸರಿಯಾದ ವಿಧಾನವನ್ನೂ ಪರಿಗಣಿಸತಕ್ಕದ್ದೆಂಬ ಒಂದು ಸಾಲು ಇದ್ದಿತು. ವಿಜ್ಞಾನದ ಸ್ಕೀಮುಗಳಲ್ಲಿ ಈ ಸಾಲು ವಾಡಿಕೆಯಾಗಿ ಇರುತ್ತದೆ. ವಾಡಿಕೆಯಾದುದರಿಂದಲೇ ಅದನ್ನು ಓದುವವರು ಕಡಮೆ.

ಮೂರನೆಯದೊಂದು ದೂರೂ ಹುಡುಗಿಗೆ ಇದ್ದಿತು, ಮತ್ತು ಅವಳ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ನೋವುಂಟುಮಾಡಿದ್ದು ಅದೇ. ನ್ಯೂಟನ್ನನ ಉಂಗುರಗಳನ್ನು ಕುರಿತ ಎಂಟು ಅಂಕದ ಪ್ರಬಂಧರೂಪದ ಉತ್ತರಕ್ಕೆ ಐದು ಅಂಕ ಬಂದಿದ್ದಿತು. ಚಿತ್ರ ಬರೆದಿದ್ದಾಳೆ, ನಿಷ್ಪತ್ತಿ ಪೂರ್ತಿ ಮಾಡಿದ್ದಾಳೆ, ಏಳಾದರೂ ಬರಬೇಕೆಂಬುದು ಅವಳ ವಾದ. ನಾನು ಓದಿ ನೋಡಿದೆ. ನಾನೇ ಆಗಿದ್ದರೆ ಆರು ಕೊಡುತ್ತಿದ್ದೆನೇನೋ. ಆದರೆ ಪ್ರತಿಯೊಂದು ಪುಟದ ಮೇಲೂ ಕೆಂಪು ಗುರುತಿದ್ದಿತು, ಹಂತಗಳ ಎದುರಿಗೆ ಬಿಡಿಬಿಡಿಯಾಗಿ ಅಂಕಗಳಿದ್ದುವು, ಮೊತ್ತ ಸರಿಯಾಗಿ ಮುಖಪುಟಕ್ಕೆ ಬಂದಿದ್ದಿತು. ಈ ದೂರನ್ನು ಪತ್ರದಲ್ಲಿ ಬರೆಯಬೇಡವೆಂದೆ. ಅವಳಿಗೆ ಅಸಮಾಧಾನವಾಯಿತು. “ಅನ್ಯಾಯ ಅನ್ಯಾಯವೇ ಅಲ್ಲವೇ ಸಾರ್?” ಎಂದಳು.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಪರೀಕ್ಷೆಯ ಸ್ವಭಾವದಲ್ಲಿಯೇ ಇರುವ ಒಂದು ಕುಂದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಢಾಕಾ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾಗಿದ್ದು ಅನಂತರ ಇಂಗ್ಲೆಂಡಿಗೆ ಹಿಂತಿರುಗಿದ ಫಿಲಿಪ್ ಹಾರ್ಟಾಗ್ ಎಂಬುವರು, ರೋಡ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರೊಡಗೂಡಿ, ಪರೀಕ್ಷೆಗಳನ್ನೇ ಪರೀಕ್ಷೆಗೆ ಒಡ್ಡಿದ ಒಂದು ಪುಸ್ತಕವನ್ನು 1935ರಲ್ಲಿ ಪ್ರಕಟಿಸಿದರು. ಮೊದಲ ಸಲ ಒಂದೇ ಅಂಕ ಪಡೆದಿದ್ದ ಇತಿಹಾಸದ 15 ಉತ್ತರಪತ್ರಿಕೆಗಳನ್ನು ಅವರು ಅನುಭವಿಗಳಾದ ಮೌಲ್ಯಮಾಪಕರಿಗೆ ಕೊಟ್ಟು ಅಂಕ ಹಾಕಿಸಿದರು. ಒಂದು ವರ್ಷಕ್ಕೆ ಮೇಲ್ಪಟ್ಟು ಕಾಲ ಕಳೆದ ಮೇಲೆ ಅವೇ ಪತ್ರಿಕೆಗಳನ್ನು ಅವರಲ್ಲಿ 14 ಮಂದಿಗೆ ಮತ್ತೆ ಕೊಟ್ಟರು. ಒಟ್ಟು 210 ತೀರ್ಮಾನಗಳಲ್ಲಿ 92 ಕಡೆ, ತೇರ್ಗಡೆಯೋ ಅಲ್ಲವೋ, ಯಾವ ದರ್ಜೆಯೋ ಎಂಬ ವಿಷಯದಲ್ಲಿ ಮೌಲ್ಯಮಾಪಕನು ತನ್ನ ಹಿಂದಿನ ಅಭಿಪ್ರಾಯಕ್ಕೆ ತಾನೇ ಒಪ್ಪದೆ ಹೋದನು. ಇಬ್ಬರು ಮೌಲ್ಯಮಾಪಕರ ನಡುವಣ ಭಿನ್ನತೆಯಲ್ಲ ಇದು, ಒಬ್ಬನೇ ಮನುಷ್ಯನ ಇಂದಿಗೂ ನಾಳೆಗೂ ಇರುವ ಭಿನ್ನತೆ. ಎಂಟಕ್ಕೆ ಐದೋ ಏಳೋ ಎಂಬ ವಿವಾದ ಈ ಅನಿಶ್ಚಿತತೆಯ ಒಳಗೇ ಅಡಗಿಹೋಗುವಂಥದು. ಸಮಿತಿಯು ಆ ಬಾಗಿಲನ್ನು ಒಬ್ಬಳಿಗಾಗಿ ತೆರೆದರೆ ಪರೀಕ್ಷೆ ಬರೆದವರೆಲ್ಲರಿಗೂ ತೆರೆಯಬೇಕಾದೀತು. ಹೀಗಾಗಿ ಅಂಥ ದೂರಿಗೆ ಇರುವ ಸ್ಥಾನ ಮರುಮೌಲ್ಯಮಾಪನದ ಅರ್ಜಿ, ಸಮಿತಿಗೆ ಬರೆಯುವ ಮನವಿಯಲ್ಲ. ಅಷ್ಟೇ ಅಲ್ಲದೆ, ದುರ್ಬಲವಾದ ಒಂದು ದೂರು ಬಲವಾದ ಎರಡು ದೂರುಗಳ ಪಕ್ಕದಲ್ಲಿ ಕುಳಿತರೆ, ಓದುವವನ ಕಣ್ಣು ಮೊದಲು ಹೋಗುವುದು ದುರ್ಬಲವಾದುದರ ಕಡೆಗೆ. ಸಮಿತಿಯಲ್ಲಿ ಕುಳಿತಿದ್ದಾಗ ನನ್ನ ಕಣ್ಣೂ ಹಾಗೆಯೇ ಹೋಗುತ್ತಿದ್ದಿತು.

ಸಮಿತಿಗೆ ಏನು ಸಾಧ್ಯ, ಏನು ಅಸಾಧ್ಯ ಎಂಬುದು ಈಗ ಬರಿಯ ಊಹೆಯ ಮಾತಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2023ರ ಏಪ್ರಿಲಿನಲ್ಲಿ ಹೊರಡಿಸಿದ ವಿದ್ಯಾರ್ಥಿ ಕುಂದುಕೊರತೆ ನಿವಾರಣೆಯ ನಿಬಂಧನೆಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲಿಯೂ ಪ್ರಾಧ್ಯಾಪಕರೊಬ್ಬರು ಅಧ್ಯಕ್ಷರಾಗಿ, ಹಿರಿಯ ಅಧ್ಯಾಪಕರು ನಾಲ್ವರು ಸದಸ್ಯರಾಗಿ, ವಿದ್ಯಾರ್ಥಿ ಪ್ರತಿನಿಧಿಯೊಬ್ಬರನ್ನೂ ಒಳಗೊಂಡ ಸಮಿತಿಯಿರತಕ್ಕದ್ದು. ಮೌಲ್ಯಮಾಪನದಲ್ಲಿ ಅನುಸರಿಸಿದ ಅಪಾರದರ್ಶಕವಾದ ಅಥವಾ ನ್ಯಾಯವಲ್ಲದ ಪದ್ಧತಿ ಅಲ್ಲಿ ಕುಂದುಕೊರತೆಯೆಂದೇ ಪರಿಗಣಿತವಾಗಿದೆ. ದೂರು ತಲುಪಿದ 15 ಕೆಲಸದ ದಿನಗಳೊಳಗೆ ಸಮಿತಿ ತನ್ನ ಶಿಫಾರಸನ್ನು ಕೊಡಬೇಕು. ತೃಪ್ತಿಯಾಗದಿದ್ದರೆ 15 ದಿನಗಳೊಳಗೆ ಒಂಬುಡ್ಸ್‌ಪರ್ಸನ್ ಎಂಬ ಮೇಲಿನ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಆ ಅಧಿಕಾರಿಯ ಕೈಯನ್ನು ನಿಬಂಧನೆ ಕಟ್ಟಿಹಾಕಿದೆ: ಫಲಿತಾಂಶದ ಮೇಲೆ ಗಣನೀಯವಾದ ಪರಿಣಾಮವನ್ನುಂಟುಮಾಡಿದ ನಿರ್ದಿಷ್ಟ ಅಕ್ರಮವನ್ನೋ, ತಾರತಮ್ಯದ ನಿರ್ದಿಷ್ಟ ಪ್ರಸಂಗವನ್ನೋ ತೋರಿಸಿದ ಹೊರತು, ಮರುಮೌಲ್ಯಮಾಪನ ಕೋರುವ ಯಾವ ಮೇಲ್ಮನವಿಯನ್ನೂ ಅವರು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ನಿರ್ದಿಷ್ಟ ಎಂಬುದರ ಮೇಲೆ ಇರುವ ಈ ಭಾರವನ್ನು ಬಲ್ಲವನು ಮೊದಲ ಪತ್ರವನ್ನೇ ಆ ಕೊನೆಯ ಮೆಟ್ಟಿಲನ್ನು ಕಣ್ಣಮುಂದಿಟ್ಟುಕೊಂಡು ಬರೆಯುತ್ತಾನೆ. ಮೊದಲನೆಯದರಲ್ಲಿ ಇಲ್ಲದ ಸಂಗತಿಯನ್ನು ಮೇಲ್ಮನವಿಯಲ್ಲಿ ಹೊಸದಾಗಿ ಸೇರಿಸಿದರೆ ಅದಕ್ಕೆ ಕಿವಿಗೊಡುವವರು ವಿರಳ.

ನ್ಯಾಯಾಲಯಗಳ ನಿಲುವೂ ಇದಕ್ಕೆ ದೂರವಾದುದಲ್ಲ. ಉತ್ತರ ಪ್ರದೇಶದ ಅಧ್ಯಾಪಕರ ನೇಮಕದ ಪರೀಕ್ಷೆಗೆ ಸಂಬಂಧಿಸಿದ ರಣವಿಜಯ ಸಿಂಗ್ ಮೊಕದ್ದಮೆಯಲ್ಲಿ 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತರ್ಕದ ಮೇಲೆ ತರ್ಕ ಹೆಣೆದು ಸಾಧಿಸಬೇಕಾಗದೆ ಮೇಲ್ನೋಟಕ್ಕೇ ಸ್ಪಷ್ಟವಾಗಿ ಕಾಣುವ ತಪ್ಪಿಗೆ ಮಾತ್ರ, ಅದೂ ಅಪರೂಪವಾಗಿ, ಮರುಪರಿಶೀಲನೆಗೆ ಆಜ್ಞೆ ಮಾಡಬಹುದೆಂದೂ, ಇಂಥ ವಿಷಯಗಳಲ್ಲಿ ಕನಿಕರಕ್ಕೆ ಸ್ಥಾನವಿಲ್ಲವೆಂದೂ ಸಾರಿತು. ಇದಕ್ಕೆ ಎಷ್ಟೋ ಮೊದಲು, 1983ರಲ್ಲಿ, ಕಾನ್ಪುರ ವಿಶ್ವವಿದ್ಯಾನಿಲಯದ ವಿರುದ್ಧ ವೈದ್ಯಕೀಯ ಪ್ರವೇಶದ ಅಭ್ಯರ್ಥಿಗಳು ಗೆದ್ದುದೂ ಕನಿಕರದಿಂದಲ್ಲ. ತಪ್ಪಾಗಿದ್ದ ಮಾದರಿ ಉತ್ತರಗಳ ಎದುರಿಗೆ ಅವರು ಪ್ರಮಾಣಭೂತವಾದ ಪಠ್ಯಪುಸ್ತಕಗಳನ್ನು ತೆರೆದಿಟ್ಟಿದ್ದರು. ಸಾಲ ಮಾಡಿದ ತಂದೆಯ ಸಂಗತಿಯನ್ನು ಪತ್ರದಿಂದ ತೆಗೆಯಬೇಕೆಂದು ನಾನು ಹೇಳಿದುದು ಹೃದಯಶೂನ್ಯತೆಯಿಂದಲ್ಲವೆಂದು ಹುಡುಗಿಗೆ ಮನದಟ್ಟಾಗಲು ಈ ಕಥೆಗಳೆಲ್ಲ ಬೇಕಾದುವು.

ಪತ್ರ ಯಾರಿಗೆ ಎಂಬುದರಲ್ಲಿಯೂ ಎಡವುವವರುಂಟು. ವಿಶ್ವವಿದ್ಯಾನಿಲಯಕ್ಕೆ ಸಂಯೋಜಿತವಾದ ಸಾಮಾನ್ಯ ಕಾಲೇಜಿನಲ್ಲಿ ಪರೀಕ್ಷೆ ವಿಶ್ವವಿದ್ಯಾನಿಲಯದ್ದು. ಪ್ರಾಂಶುಪಾಲರಿಗೆ ಬರೆದ ಪತ್ರ ಅವರ ಮೇಜಿನಲ್ಲಿಯೇ ಉಳಿದೀತು, ಅದು ಕುಲಸಚಿವರಿಗೆ, ಅದರಲ್ಲಿಯೂ ಮೌಲ್ಯಮಾಪನದ ಕುಲಸಚಿವರಿಗೆ, ಹೋಗಬೇಕು. ಸ್ವಾಯತ್ತ ಕಾಲೇಜಿನಲ್ಲಿ ಪರೀಕ್ಷೆ ನಡೆಸುವವರು ಕಾಲೇಜಿನವರೇ. ಆದಕಾರಣ ಸಮಿತಿಯ ಅಧ್ಯಕ್ಷರಿಗೆ ಬರೆದು, ಪರೀಕ್ಷಾ ನಿಯಂತ್ರಕರಿಗೆ ಪ್ರತಿ ಸಲ್ಲಿಸಬೇಕು. ಸ್ಕೀಮು ಹುಡುಗಿಗೆ ವಿಭಾಗದ ಮುಖ್ಯಸ್ಥರಿಂದಲೇ ದೊರೆಯಿತು. ಎಲ್ಲ ಕಡೆಯೂ ಅಷ್ಟು ಸುಲಭವಾಗಿ ದೊರೆಯುವುದಿಲ್ಲ, ದೊರೆಯದಲ್ಲಿ ಅದನ್ನು ತರಿಸಿಕೊಂಡು ನೋಡಬೇಕೆಂದು ಸಮಿತಿಯನ್ನೇ ಕೇಳಿಕೊಳ್ಳಬೇಕು. ಕೊನೆಗೆ ಸಿದ್ಧವಾದ ಪತ್ರದ ಒಡಲು ಹೀಗಿದ್ದಿತು:

‘ಮಾನ್ಯರೇ,

ವಿಷಯ: ಬಿ.ಎಸ್ಸಿ. ಭೌತಶಾಸ್ತ್ರ, ದೃಗ್ವಿಜ್ಞಾನ ಪತ್ರಿಕೆಯಲ್ಲಿ ಎರಡು ಉತ್ತರಗಳ ಮೌಲ್ಯಮಾಪನವನ್ನು ಪರಿಶೀಲಿಸುವ ಬಗ್ಗೆ.

ಉಲ್ಲೇಖ: ಉತ್ತರಪತ್ರಿಕೆಯ ಛಾಯಾಪ್ರತಿ (ಲಗತ್ತು 1), ಮೌಲ್ಯಮಾಪನದ ಸ್ಕೀಮು (ಲಗತ್ತು 2), ಪಠ್ಯಪುಸ್ತಕದ ಪುಟದ ಪ್ರತಿ (ಲಗತ್ತು 3).

ಮೇಲ್ಕಂಡ ಪತ್ರಿಕೆಯಲ್ಲಿ ನನಗೆ 60ಕ್ಕೆ 18 ಅಂಕಗಳು ಬಂದಿವೆ. ಛಾಯಾಪ್ರತಿಯನ್ನು ಪಡೆದು ಸ್ಕೀಮಿನೊಡನೆ ಹೋಲಿಸಿ ನೋಡಿದಾಗ ಕಂಡುಬಂದ ಎರಡು ಅಂಶಗಳನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಮೊದಲನೆಯದು: ಪ್ರಶ್ನೆ 9(ಬಿ)ಗೆ ಉತ್ತರವನ್ನು 31ನೆಯ ಪುಟದಲ್ಲಿ ಬರೆದಿದ್ದೇನೆ, ಹಾಗೆಂದು 22ನೆಯ ಪುಟದ ಕೊನೆಯಲ್ಲಿ ಸೂಚಿಸಿದ್ದೇನೆ. 31ನೆಯ ಪುಟದಲ್ಲಿ ಮೌಲ್ಯಮಾಪನದ ಯಾವ ಗುರುತೂ ಇಲ್ಲ. ಮುಖಪುಟದ ಕೋಷ್ಟಕದಲ್ಲಿ 9(ಬಿ)ಯ ಚೌಕ ಖಾಲಿಯಿದೆ. ಈ ಉತ್ತರವನ್ನು ಮೌಲ್ಯಮಾಪನ ಮಾಡಿಸಬೇಕೆಂದು ಕೋರುತ್ತೇನೆ.

ಎರಡನೆಯದು: ಪ್ರಶ್ನೆ 7ಕ್ಕೆ 18ನೆಯ ಪುಟದಲ್ಲಿ ನ್ಯೂಟನ್ನನ ಮಸೂರಸೂತ್ರದಿಂದ ಉತ್ತರಿಸಿದ್ದೇನೆ. ಈ ಸೂತ್ರ ಪಠ್ಯಪುಸ್ತಕದಲ್ಲಿದೆ (ಲಗತ್ತು 3). ಬಂದಿರುವ ಸ್ಥಾನ, ವರ್ಧನ, ಗಾತ್ರಗಳ ಬೆಲೆಗಳು ಸ್ಕೀಮಿನ ಬೆಲೆಗಳೇ ಆಗಿವೆ. ಪ್ರತಿಬಿಂಬ ತಲೆಕೆಳಗಾಗಿರುವುದೆಂದು ನಾನು ಬರೆದಿಲ್ಲ. ಬೇರೆ ಸರಿಯಾದ ವಿಧಾನವನ್ನೂ ಪರಿಗಣಿಸಬೇಕೆಂಬ ಸ್ಕೀಮಿನ ಸೂಚನೆಯ ಮೇರೆಗೆ ಈ ಉತ್ತರವನ್ನು ವಿಷಯತಜ್ಞರಿಂದ ಪರಿಶೀಲಿಸಬೇಕೆಂದು ಕೋರುತ್ತೇನೆ.

ಉಳಿದ ಉತ್ತರಗಳ ಬಗ್ಗೆ ಈ ಮನವಿಯಲ್ಲಿ ನನ್ನದೇನೂ ಕೋರಿಕೆಯಿಲ್ಲ. ತಮ್ಮ ನಿರ್ಣಯವನ್ನು ಲಿಖಿತವಾಗಿ ತಿಳಿಸಬೇಕೆಂದು ಪ್ರಾರ್ಥನೆ.’

ಪತ್ರದಲ್ಲಿ ಇಷ್ಟು ಅಂಕ ಕೊಡಿರೆಂದು ಎಲ್ಲಿಯೂ ಇಲ್ಲ. ಅಂಕ ಕೊಡುವುದು ತಜ್ಞರ ಕೆಲಸ, ಪುಟವನ್ನು ತೋರಿಸುವುದಷ್ಟೇ ವಿದ್ಯಾರ್ಥಿಯ ಕೆಲಸ. ಮೌಲ್ಯಮಾಪಕನ ಮೇಲೆ ಒಂದು ಕಟುನುಡಿಯೂ ಇಲ್ಲ. ಉತ್ತರಪತ್ರಿಕೆಗಳಿಗೆ ಗುಪ್ತಸಂಖ್ಯೆ ಕೊಟ್ಟು ಕಳುಹಿಸುವ ಪದ್ಧತಿಯಲ್ಲಿ ಅವನು ಯಾರೆಂಬುದು ವಿದ್ಯಾರ್ಥಿಗೂ ತಿಳಿಯದು, ಅವಳು ಯಾರೆಂಬುದು ಅವನಿಗೂ ತಿಳಿಯದು. ದ್ವೇಷದ ಆರೋಪಕ್ಕೆ ಅಲ್ಲಿ ಆಧಾರವೇ ಇಲ್ಲ. ತಲೆಕೆಳಗೆಂದು ಬರೆಯಲಿಲ್ಲವೆಂಬ ಮಾತನ್ನು ಬೇಕೆಂದೇ ಸೇರಿಸಿದೆವು. “ನಾವಾಗಿ ಯಾಕೆ ಹೇಳಬೇಕು ಸಾರ್?” ಎಂದು ಹುಡುಗಿ ಕೇಳಿದಳು. ತಜ್ಞನು ಅದನ್ನು ಹೇಗೂ ಕಂಡೇ ಕಾಣುತ್ತಾನೆ; ತಾನೇ ಕಂಡುಹಿಡಿದರೆ ಉಳಿದ ಮಾತುಗಳನ್ನೂ ಶಂಕಿಸುತ್ತಾನೆ, ಪತ್ರದಲ್ಲಿಯೇ ಓದಿದರೆ ಉಳಿದ ಮಾತುಗಳನ್ನು ನಂಬುತ್ತಾನೆ. ಇನ್ನೊಂದು ಸಣ್ಣ ಸಂಗತಿ: ಲಗತ್ತಿಸಿದ ಪ್ರತಿಯ ಮೇಲೆ ಗಮನಿಸಬೇಕಾದ ಜಾಗವನ್ನು ಹುಡುಗಿ ಕೆಂಪು ಪೆನ್ನಿನಿಂದ ಸುತ್ತುಹಾಕಲು ಹೊರಟಿದ್ದಳು, ತಡೆದೆ. ಕೆಂಪು ಶಾಯಿ ಮೌಲ್ಯಮಾಪಕನದು. ಅವನ ಗುರುತೇ ಇಲ್ಲವೆಂಬ ದೂರಿರುವ ಪುಟದ ಮೇಲೆ ನಮ್ಮದೇ ಕೆಂಪು ಗುರುತಿದ್ದರೆ ದೂರಿನ ಗತಿಯೇನು? ಪೆನ್ಸಿಲಿನಿಂದ ಅಂಚಿನಲ್ಲಿ ಒಂದು ಗೆರೆ ಸಾಕು.

ಕಚೇರಿಯಲ್ಲಿ ಪತ್ರ ಕೊಟ್ಟಾಗ ಗುಮಾಸ್ತರು “ಇಟ್ಟು ಹೋಗಿ” ಎಂದರಂತೆ. ಇಟ್ಟು ಬರಬಾರದು. ಎರಡನೆಯ ಪ್ರತಿಯ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಈ ಮೂರನ್ನೂ ಹಾಕಿಸಿಕೊಂಡೇ ಬರಬೇಕು, ಏಕೆಂದರೆ ಸಮಿತಿಯ 15 ಕೆಲಸದ ದಿನಗಳ ಲೆಕ್ಕ ಆರಂಭವಾಗುವುದು ಆ ಮೊಹರಿನಿಂದ. ಮರುಮೌಲ್ಯಮಾಪನದ ಗಡುವು ಮುಗಿಯುವುದರಲ್ಲಿದ್ದುದರಿಂದ ಅದಕ್ಕೂ ಪ್ರತ್ಯೇಕವಾಗಿ ಅರ್ಜಿ ಹಾಕಬೇಕೆಂದು ನಾನು ಹೇಳಿದೆ. ಅಲ್ಲೊಂದು ಅಪಾಯವುಂಟು: ಪೂರ್ತಿ ಪತ್ರಿಕೆಯನ್ನು ಹೊಸಬರೊಬ್ಬರು ನೋಡುವಾಗ, ಆ ಸಂಸ್ಥೆಯ ನಿಯಮ ಹೇಗಿದೆಯೆಂಬುದನ್ನು ಅವಲಂಬಿಸಿ, ಅಂಕ ಇಳಿಯಲೂಬಹುದು. ಆದರೆ ಸಮಿತಿಯ ದಾರಿಯೊಂದನ್ನೇ ನಂಬಿ ಇನ್ನೊಂದು ಬಾಗಿಲು ಮುಚ್ಚಿಹೋಗುವಂತೆ ಬಿಡುವುದು ಅನುತ್ತೀರ್ಣಳಾದವಳಿಗೆ ಹೆಚ್ಚಿನ ಅಪಾಯ.

ಎರಡನೆಯ ಅರ್ಜಿ ಬೇಕಾಗಲಿಲ್ಲ. ಸಮಿತಿಯ ನಿರ್ಣಯ ಮೊದಲೇ ಬಂದುದರಿಂದ ಅದನ್ನು ಹಿಂತೆಗೆದುಕೊಂಡಳು. 9(ಬಿ)ಗೆ ಮೂರಕ್ಕೆ ಮೂರು. ಮಸೂರದ ಲೆಕ್ಕಕ್ಕೆ ಒಂದರ ಬದಲು ನಾಲ್ಕು. ತಲೆಕೆಳಗಿನ ಆ ಒಂದು ಅಂಕವನ್ನು ತಜ್ಞರು ಬಿಟ್ಟುಕೊಡಲಿಲ್ಲ, ಬಿಟ್ಟುಕೊಡದೆ ಇದ್ದುದು ಸರಿಯಾಗಿಯೇ ಇದೆ. ಒಟ್ಟು 24, ತೇರ್ಗಡೆ. ಹೊಸ ಅಂಕಪಟ್ಟಿಯನ್ನು ತೋರಿಸಲು ಬಂದವಳು, ಕಾಫಿ ಕುಡಿದು ಎದ್ದು ನಿಂತು, “ಆದರೂ ಸಾರ್, ಆ ಉಂಗುರದ ಉತ್ತರಕ್ಕೆ ಐದು ಕಡಮೆಯೇ” ಎಂದಳು. ಇರಬಹುದು ಎಂದೆ.